ಹುತುತು ಆಟಕ್ಕೆ ಮೊದಲಿನ ಉಸಿರು

ಆಗ ನಾನು ಸವದತ್ತಿಯ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರ. ರಾಮದುರ್ಗದಲ್ಲಿ ಹುತುತು, ಅಂದರೆ ಕಬಡ್ಡಿ, ಪಂದ್ಯಕ್ಕೆ ಮೊದಲು ನಮ್ಮ ಹುಡುಗರು ಎಂದಿನಂತೆ ಎದೆ ತುಂಬ ಉಸಿರು ಹಿಡಿದು ನಿಂತಿದ್ದರು. ದಮ್ಮು ಕಟ್ಟುವುದೇ ಆಟವೆಂದು ಕಲಿತವರಿಗೆ, ಹೆದರಿಕೆ ಇಳಿಯಬೇಕಾದರೆ ಉಸಿರನ್ನು ನಿಧಾನವಾಗಿ ಬಿಡಬೇಕೆಂದು ಎಷ್ಟು ಸಲ ಹೇಳುವುದು? ಮತ್ತೆ ಹೇಳಿದೆ. ಉದ್ದಕ್ಕೆ ಬಿಟ್ಟರು, ದಿನದಂತೆ ಅಂಗೈಗೆ ಮಣ್ಣು ತಿಕ್ಕಿಕೊಂಡರು. ಒಬ್ಬ ಮಾತ್ರ "ಸಿಗಬಾರದು, ಸಿಗಬಾರದು" ಎಂದು ಗೊಣಗುತ್ತಿದ್ದ.

"ಆಗಬಾರದ್ದು ಅನಬ್ಯಾಡ. ಮಾಡೂದನ್ನ ಹೇಳಿಕೋ. ಮುಟ್ಟತೇನಿ, ಬರತೇನಿ, ಅನ್ನು" ಎಂದೆ.

ಅವನು ಮುಟ್ಟಿ ಬಂದ. ಆದರೂ ತಂಡ ಸೋತಿತು. ಮರಳುವ ಬಸ್ಸಿಗೆ ಕಾಯುತ್ತ, ದಣಿದು, "ಇನ್ನೊಮ್ಮೆ ಸೋಲಬ್ಯಾಡ್ರಿ" ಎಂದೆ.

ಅದೇ ಹುಡುಗ ಮಣ್ಣಿನ ಕೈ ಒರೆಸಿಕೊಳ್ಳುತ್ತ ಹೇಳಿದ: "ಮಾಡೂದನ್ನ ಹೇಳ್ರಿ, ಸರ. ಅದಕ್ಕೂ ಮೊದಲ ಉಸಿರು ಬಿಡ್ರಿ."