ಇಬ್ಬರಿಗೆ ಸಾಕಾಗುವಷ್ಟು

ಮಗಳ ಪತ್ರ ತಂದುಕೊಟ್ಟವಳು ಪಕ್ಕದ ಮನೆಯ ಹುಡುಗಿ. ಅವಳು ದಿನಾ ಬಸ್ಸಿನಲ್ಲಿ ದೊಡ್ಡಬಳ್ಳಾಪುರದ ಕಾಲೇಜಿಗೆ ಹೋಗಿ ಬರುತ್ತಿದ್ದಳು. ನನ್ನ ಮಗಳು ಅದೇ ಕಾಲೇಜಿನ ಹತ್ತಿರ ಹಾಸ್ಟೆಲ್‌ನಲ್ಲಿದ್ದಳು. ಅಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿರಲಿಲ್ಲ. ಭಾನುವಾರ ವಾರ್ಡನ್ ಫೋನಿನಿಂದ, ವಾರ್ಡನ್ ಎದುರಿಗೇ ನಿಂತು ಮಾತಾಡಬೇಕಿತ್ತು.

ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ ಇದ್ದದ್ದು ಇಷ್ಟೇ: 'ಅಮ್ಮ, ಒಂದೇ ಒಲೆ ಇದ್ರೆ ಸಾಂಬಾರ್ ಹೇಗೆ ಮಾಡೋದು? ಇಬ್ಬರಿಗೆ ಸಾಕಾಗುವಷ್ಟು. ಫೋನಲ್ಲಿ ಹೇಳಬೇಡ. ಅಪ್ಪನಿಗೂ ಹೇಳಬೇಡ.'

ಮೂರು ಹೊತ್ತು ಊಟ ಹಾಕುವ ಹಾಸ್ಟೆಲ್‌ನಲ್ಲಿರುವ ಹುಡುಗಿಗೆ ಒಲೆ ಯಾಕೆ? ಆ ಇಬ್ಬರು ಯಾರು? ಒಂಟಿ ಒಲೆ ಇಟ್ಟುಕೊಂಡು ಅಡುಗೆ ಶುರು ಮಾಡುವವರು ಹೊಸದಾಗಿ ಸಂಸಾರ ಹೂಡುವವರು. ನಾನೂ ಹಾಗೆಯೇ ಶುರು ಮಾಡಿದವಳು. ನನ್ನ ತಲೆ ಎಲ್ಲೆಲ್ಲಿಗೆ ಓಡಿತು ಎಂದು ಹೆತ್ತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಹಲ್ಲುನೋವು, ತೋರಿಸಿಕೊಂಡು ಬರುತ್ತೇನೆ ಎಂದು ಗಂಡನಿಗೆ ಸುಳ್ಳು ಹೇಳಿ, ಪಕ್ಕದ ಊರು ಮಧುರೆಯ ತನಕ ನಡೆದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಗಳ ಕೆನ್ನೆಗೆ ಬಾರಿಸುವುದನ್ನೇ ಯೋಚಿಸುತ್ತಿದ್ದೆ. ಅವಳು ಅಲ್ಲಿ ಸಿಗದಿದ್ದರೆ ಎಂಬ ಯೋಚನೆ ಬಂದಾಗ ಮಾತ್ರ ಪತ್ರ ತೆಗೆದು ಮತ್ತೆ ಓದುತ್ತಿದ್ದೆ.

"ಏನಮ್ಮಾ, ವಾರದ ಮಧ್ಯೆ ಬಂದ್ಬಿಟ್ರಿ?" ಎಂದರು ವಾರ್ಡನ್. ನಗು ಎಂಬುದನ್ನು ಆ ಹೆಂಗಸು ಅಳೆದು ಕೊಡುತ್ತಿದ್ದರು.

"ಮಗಳನ್ನ ನೋಡೋಣ ಅಂತ, ಮೇಡಂ. ಇದ್ದಾಳಾ?"

"ಇರ್ದೆ ಎಲ್ಲಿಗೋಗ್ತಾಳೆ? ಮೇಲೆ ರೂಮಲ್ಲವ್ಳೆ. ಕರಿಸ್ತೀನಿ, ಕೂತ್ಕೊಳಿ."

ಹೋದ ಜೀವ ಬಂದಂತಾಯಿತು. ಆದರೆ ಎದುರಿನ ಗೋಡೆಯ ಮೇಲಿದ್ದ ನಿಯಮಗಳ ಬೋರ್ಡು ಕಂಡದ್ದೇ ಮತ್ತೆ ಹೋಯಿತು. ರೂಮಿನಲ್ಲಿ ಒಲೆ ಹಚ್ಚಿದರೆ ಅವತ್ತೇ ಹಾಸ್ಟೆಲ್ ಖಾಲಿ ಮಾಡಬೇಕು. ಸೇರಿಸುವಾಗ ಇದನ್ನು ಇದೇ ವಾರ್ಡನ್ ಓದಿ ಹೇಳಿದ್ದರು. ಹಾಗಾದರೆ ಆ ಒಲೆ ಇದ್ದದ್ದು ಮೇಲಿನ ರೂಮಿನಲ್ಲೇ. ಹಾಸ್ಟೆಲ್‌ನಲ್ಲಿದ್ದರೆ ಮಾತ್ರ ಓದು, ಇಲ್ಲದಿದ್ದರೆ ಮನೆ ಎಂದು ಅವಳಪ್ಪ ಖಡಾಖಂಡಿತವಾಗಿ ಹೇಳಿಯೇ ಸೇರಿಸಿದ್ದು. ಕೈಯಲ್ಲಿದ್ದ ಪತ್ರವನ್ನು ಮಡಚಿ ಬ್ಯಾಗಿನ ತಳಕ್ಕೆ ತುರುಕಿದೆ.

ಇಳಿದು ಬಂದ ಮಗಳು ನನ್ನನ್ನು ಕಂಡು ಬಿಳಿಚಿಕೊಂಡಳು. ವಾರ್ಡನ್ ಎದ್ದು ಹೋಗುವರೆಂದು ಕಾದೆ. ಅವರು ಕುರ್ಚಿ ಬಿಟ್ಟು ಕದಲಲಿಲ್ಲ. ಕೇಳದೆ ವಾಪಸು ಹೋಗುವ ಧೈರ್ಯ ನನಗಿರಲಿಲ್ಲ.

"ಮನೇಲಿ ಗ್ಯಾಸ್ ಸ್ಟೌ ಕೆಟ್ಟೋಗದೆ ಕಣೇ," ಎಂದೆ. "ಒಂದೇ ಕಡೆ ಉರಿಯೋದು. ನಿಮ್ಮಪ್ಪಂಗೂ ನಂಗೂ, ಇಬ್ಬರಿಗೆ ಮಾಡೋ ಅಷ್ಟರಲ್ಲಿ ಸಾಕುಸಾಕಾಗ್ತದೆ. ಇಲ್ಲಿ ನಿನ್ನ ಜೊತೆ ಊಟಕ್ಕೆ ಯಾರಿರ್ತಾರೆ?"

ಅವಳಿಗೆ ತಕ್ಷಣ ಅರ್ಥವಾಯಿತು. ನನ್ನ ಮಗಳಲ್ಲವೇ!

"ನನ್ ರೂಮಿನವ್ಳೇ ಅಮ್ಮ. ಅವ್ರಮ್ಮ ಹೋದ ತಿಂಗ್ಳು ತೀರ್ಕೊಂಡ್ರು. ವಾಪಸ್ ಬಂದಾಗಿಂದ ಸರಿಯಾಗಿ ಉಣ್ತಾನೇ ಇಲ್ಲ. ಮನೆ ಸಾಂಬಾರ್ ಬೇಕು ಅಂತ ಅಳ್ತಾಳೆ."

ಬಾರಿಸಬೇಕೆಂದಿದ್ದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಇನ್ನು ಅವಳು ಪತ್ರದಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಬೇಕಲ್ಲ.

"ನಾನೇನ್ ಮಾಡ್ತೀನಿ ಗೊತ್ತಾ? ತೊಗರಿಬೇಳೆ ಮೊದಲೇ ನೆನೆಹಾಕ್ಬಿಡ್ತೀನಿ. ಅನ್ನ ಮಾಡಿ ಇಳಿಸಿ, ಟವಲ್ ಸುತ್ತಿ ಇಡ್ತೀನಿ. ಆಮೇಲೆ ಒಗ್ಗರಣೆ. ಕೊನೇಲಿ ಮಾಡೋದನ್ನ ಮೊದಲೇ ಮಾಡಿ ಬಟ್ಟಲಿಗೆ ತೆಗೆದಿಟ್ರೆ, ಬೇಯ್ತಿರೋ ಪಾತ್ರೆ ಇಳಿಸೋ ತಾಪತ್ರಯ ಇಲ್ಲ. ಆಮೇಲೆ ಅದೇ ಒಲೆ ಮೇಲೆ ಬೇಳೆ, ಅರಿಶಿನ, ಎರಡು ತೊಟ್ಟು ಎಣ್ಣೆ. ಕುಕ್ಕರ್ ಮಾತ್ರ ಇಡಲ್ಲ. ವಿಷಲ್ ಸದ್ದು ನಿಮ್ಮಪ್ಪಂಗೆ ಆಗಲ್ಲ."

ಮಗಳು ತುಟಿ ಕಚ್ಚಿಕೊಂಡಳು. ನಾನು ವಾರ್ಡನ್ ಕಡೆ ನೋಡಲಿಲ್ಲ.

"ಬೇಳೆ ಅರ್ಧ ಬೆಂದಾಗ ತರಕಾರಿ ಹಾಕ್ತೀನಿ. ಎರಡೂ ಬೆಂದ ಮೇಲೆ ಪುಡಿ, ಉಪ್ಪು ಹಾಕಿ ಕುದಿಸಿ, ಎತ್ತಿಟ್ಟ ಒಗ್ಗರಣೆ ಸುರಿದರೆ ಆಯ್ತು."

ಮಗಳ ತಲೆ ಸವರಿ ಹೊರಟೆ. ಗೇಟಿನ ತನಕ ವಾರ್ಡನ್ನೇ ಜೊತೆಗೆ ಬಂದರು. ಎಂದೂ ಬಂದವರಲ್ಲ. ಮುಗಿಯಿತು ಕಥೆ ಎಂದುಕೊಂಡೆ.

"ಹುಣಸೆಹಣ್ಣು ಬಿಟ್ಬಿಟ್ರಿ ನೀವು," ಎಂದರು.

ಗೇಟು ತೆಗೆಯಹೋದವಳು ತಿರುಗಿ ನೋಡಿದೆ.

"ಹುಳೀನ ಬೇಳೆ ಜೊತೆಗೇ ಹಾಕ್ಬಿಟ್ರೆ ಆ ಹುಡುಗೀರು? ರಾತ್ರಿಯೆಲ್ಲ ಬೇಯ್ಸಿದ್ರೂ ಬೇಳೆ ಕರಗಲ್ಲ. ಮಂಚದ ಕೆಳಗಿರೋ ಆ ಕರೆಂಟ್ ಒಲೆ ವೈರೂ ಸರಿಯಿಲ್ಲ, ಹಳೇ ಹುಡುಗೀರು ಬಿಟ್ಟೋಗಿದ್ದು. ಅದನ್ನ ನಾನು ಇಸ್ಕೊತೀನಿ. ನನ್ ರೂಮಲ್ಲಿ ಗ್ಯಾಸ್ ಅದೆ, ಒಂದೇ ಒಲೆ. ಅಲ್ಲೇ ಮಾಡ್ಕೊಳ್ಲಿ." ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಬೇಳೆ ಮಾತ್ರ ಮೂರು ಜನಕ್ಕೆ ನೆನೆಹಾಕೋಕೆ ಹೇಳ್ತೀನಿ."