ಎತ್ತಿನ ಸಾಮಾನಿನ ಅಂಗಡಿಯ ಕ್ಯಾಲೆಂಡರ್

ಸಿಂದಗಿಯಲ್ಲಿ ಕನ್ನಡ ಪಾಠ ಹೇಳುವ ಸಂಜೀವಕುಮಾರ ಮಾಸ್ತರರು ಹದಿನೆಂಟು ಮಂದಿ ಹೆಣ್ಣುಮಕ್ಕಳ ಎದುರು ತಮ್ಮ ಮೊಬೈಲನ್ನು ಗೋಡೆಯ ಪರದೆಗೆ ಜೋಡಿಸಿದರು. ಮುಖದ ಮೇಲಿನ ಠೀವಿ ನಾಲ್ಕು ಸೆಕೆಂಡು ಉಳಿಯಿತು. ಸಣ್ಣ ವ್ಯಾಪಾರಸ್ಥರು ಫೇಸ್‌ಬುಕ್ಕಿನಲ್ಲಿ ಯಾವ ದಿನ ಏನು ಹಾಕಬೇಕೆಂಬ ತರಬೇತಿ ಅದು. ಅದನ್ನು ಹೇಳಿಕೊಡಲು ಮಾಸ್ತರರಿಗಿದ್ದ ಅರ್ಹತೆಯೆಂದರೆ ಎರಡು ವಿಡಿಯೊ ನೋಡಿದ್ದು. ಎರಡನೆಯದರ ನಡುವೆ ಕಣ್ಣು ಹತ್ತಿತ್ತು.

“ಪೋಸ್ಟನ್ನು ಮೊದಲೇ ಬರೆದು, ಸಮಯ ಹೇಳಿ ಇಟ್ಟುಬಿಟ್ಟರೆ ಅದು ತಾನಾಗಿ ಹೋಗ್ತದ,” ಎಂದು ತಮ್ಮದೇ ಪೇಜು ತೆರೆದು ತೋರಿಸಿದರು. ಸೂರ್ಯ, ಕಮಲ, ದೊಡ್ಡ ಅಕ್ಷರದ ‘ಶುಭೋದಯ’. ಮೇಲೆ ಸಮಯ: ನಿನ್ನೆ ಸಂಜೆ ಏಳು ಗಂಟೆ. ಕೆಳಗೆ ಪಕ್ಕದ ಮನೆಯ ರಾವಸಾಬನ ಒಂದೇ ಸಾಲು: “ಸರ, ಈಗ ಎದ್ರೇನ್ರಿ?”

ಹದಿನೇಳು ಮಂದಿ ನಕ್ಕರು. ನಗದೆ ಕುಳಿತವಳು ಸುಲ್ತಾನಾ. ಸೆರಗು ಸರಿಮಾಡಿಕೊಂಡು, “ಮುಂಜಾನಿ-ಸಂಜಿ ಎಲ್ಲಿ ಬದಲಾಯಿಸೂದು, ಅದನ್ನ ತೋರಿಸ್ರಿ ಸರ,” ಎಂದಳು. ಆ ದಿನ ಮಾಸ್ತರರ ಮಾನ ಉಳಿಸಿದ ಪ್ರಶ್ನೆ ಅದೊಂದೇ. ಆವತ್ತಿನಿಂದ ಅವರು ಅವಳ ಅಂಗಡಿಯ ಹಿತೈಷಿಯಾದರು. ಇದರಲ್ಲಿ ಸುಲ್ತಾನಾಳ ತಪ್ಪೇನೂ ಇರಲಿಲ್ಲ.

ಅವಳದು ಎತ್ತಿನ ಸಾಮಾನಿನ ಅಂಗಡಿ. ಗೆಜ್ಜೆಸರ, ಹಣೆಪಟ್ಟಿ, ಕೋಡಿಗೆ ಕಟ್ಟುವ ಗೊಂಡೆ, ಬೆನ್ನಿಗೆ ಹೊದಿಸುವ ಬಣ್ಣದ ಝೂಲ. ಗಂಡ ದಾವಲಮಲಿಕ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಮಾರುತ್ತಾನೆ. ಹೊಲಿಯುವವಳು, ಫೋಟೊ ತೆಗೆಯುವವಳು, ಬರೆಯುವವಳು ಇವಳು. ವರ್ಷವಿಡೀ ಹೊಲಿದ ಝೂಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆ ಹಬ್ಬಕ್ಕೆ. ಆಗ ಹೋಗದಿದ್ದರೆ ಅವು ಮತ್ತೊಂದು ಮುಂಗಾರಿನವರೆಗೆ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಬೇಕು.

ಅಂಗಡಿಯ ಗೋಡೆಗೊಂದು ದಿನದರ್ಶಿಕೆ. ಅದರ ಒಂದೊಂದು ಚೌಕದಲ್ಲೂ ಸುಲ್ತಾನಾಳ ಇರುವೆ ಅಕ್ಷರ. ಸೋಮವಾರ ಈ ಕಡೆ ಎತ್ತಿಗೆ ನೊಗ ಹೂಡುವುದಿಲ್ಲ. ರೈತ ಮನೆಯಲ್ಲಿದ್ದು ಮೊಬೈಲು ತಿಕ್ಕುವ ದಿನ. ಅವತ್ತು ‘ಸೋಮವಾರದ ಜೋಡಿ’, ಅಂದರೆ ಗಿರಾಕಿಗಳೇ ಕಳಿಸಿದ ಎತ್ತುಗಳ ಫೋಟೊ. ಬುಧವಾರ, ಗೊಂಡೆ ಕಟ್ಟುವ ಕೆಲಸದ ಸಣ್ಣ ವಿಡಿಯೊ. ಶನಿವಾರ ಮಾರುವ ಮಾತು. ಶುಕ್ರವಾರ ದಾವಲಮಲಿಕ ನಮಾಜಿಗೆ ಹೋದಾಗ ಅಂಗಡಿ ಎರಡು ತಾಸು ಮುಚ್ಚುತ್ತದಲ್ಲ, ಮುಂದಿನ ವಾರದ ಮೂರೂ ಬರಹಗಳನ್ನು ಅವಳು ಆಗಲೇ ಬರೆದಿಡುತ್ತಾಳೆ. ಹಬ್ಬಗಳಿಗೆ ಕೆಂಪು ಮಸಿ. ಚಂದ್ರ ಕಂಡಮೇಲೆ ಗಟ್ಟಿಯಾಗುವ ರಂಜಾನ್, ಬಕ್ರೀದಿಗೆ ಪೆನ್ಸಿಲ್. ಹಬ್ಬದಿಂದ ಹಿಂದಕ್ಕೆ ಎಣಿಸಿ ಹತ್ತನೇ ದಿನದ ಮೇಲೊಂದು ಗೀಟು: ಅಲ್ಲಿಗೆ ಆರ್ಡರ್ ಬಂದ್, ಯಾಕೆಂದರೆ ಹೊಲಿಯಲು ಅಷ್ಟು ದಿನ ಬೇಕು.

ಮಾಸ್ತರರಿಗೆ ಇದೆಲ್ಲ ಕಚ್ಚಾ ಕೆಲಸವೆನಿಸಿತು. ತಂಗಿಯ ಬಾಣಂತನಕ್ಕೆಂದು ಸುಲ್ತಾನಾ ಮೇ ತಿಂಗಳಲ್ಲಿ ಎರಡು ವಾರ ತಂಗಡಗಿಗೆ ಹೊರಟಾಗ, “ಪೇಜು ನನಗೆ ಬಿಡ್ರಿ,” ಎಂದರು.

“ಗೋಡಿ ಮ್ಯಾಲಿಂದು ನೋಡಿ ಹಾಕ್ರಿ ಸರ,” ಎಂದಳು ಅವಳು.

“ನೋಡ್ತೇನಿ, ನೋಡ್ತೇನಿ,” ಎಂದ ಮಾಸ್ತರರು ನೋಡಲಿಲ್ಲ. ಕಂಪ್ಯೂಟರಿನಲ್ಲಿ ಏಳು ಬಣ್ಣದ ಪಟ್ಟಿ ಮಾಡಿದರು. ಹೋದ ವರ್ಷದ ಕಾರಹುಣ್ಣಿಮೆ ಜೂನ್ ಹನ್ನೊಂದು. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯಬೇಕು. ಆದ್ದರಿಂದ ಈ ವರ್ಷ ಮೇ ಮೂವತ್ತೊಂದು. ಮೊಬೈಲಿನಲ್ಲೂ ಹುಡುಕಿದರು, ಅವತ್ತು ಹುಣ್ಣಿಮೆ ಇದ್ದೇ ಇತ್ತು. ಮೇ ಇಪ್ಪತ್ಮೂರರ ಶನಿವಾರ ಬೆಳಗ್ಗೆ ಏಳಕ್ಕೆ (ಈ ಸಲ ಬೆಳಗ್ಗೆಯೇ, ಮೂರು ಸಲ ನೋಡಿದ್ದರು) ಪೋಸ್ಟು ಹೋಯಿತು: “ಕಾರಹುಣ್ಣಿಮೆಗೆ ಎಂಟೇ ದಿನ! ಇಂದೇ ಕೊನೆಯ ಆರ್ಡರ್!”

ಏಳೂವರೆಗೆ ಯಂಕಂಚಿಯ ಸಂಗಣ್ಣನ ಫೋನು ಬಂತು. ಎರಡು ಜೋಡಿ ಎತ್ತಿನ ಒಡೆಯ, ಅಂಗಡಿಯ ಹಳೇ ಗಿರಾಕಿ.

“ಸರ, ಈ ಸಲ ಅಧಿಕ ಮಾಸ ಬಂದೈತ್ರಿ. ಕಾರಹುಣ್ಣಿಮಿ ನಿಜ ಜ್ಯೇಷ್ಠದಾಗ, ಜೂನ್ ಇಪ್ಪತ್ತೊಂಬತ್ತಕ್ಕ. ನಮ್ಮ ಎತ್ತಿಗೂ ಗೊತ್ತೈತಿ.”

ಮಾಸ್ತರರು ಪೋಸ್ಟು ಅಳಿಸುವಷ್ಟರಲ್ಲಿ ಅದರ ಚಿತ್ರ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎಲ್ಲ ರೈತ ಗುಂಪುಗಳನ್ನೂ ಸುತ್ತಿ ಬಂದಿತ್ತು. ‘ಎತ್ತಿನ ಸಾಮಾನ ಮಾರೋರಿಗೆ ಎತ್ತಿನ ಹಬ್ಬ ಗೊತ್ತಿಲ್ಲ’ ಎಂದು ನಗುವವರು ನಕ್ಕರು. ‘ಅವರಿಗೇನ ಗೊತ್ತಪಾ ನಮ್ಮ ಹುಣ್ಣಿಮಿ’ ಎಂದು ಒಬ್ಬ ಬರೆದಿದ್ದ. ಅದನ್ನು ಮಾಸ್ತರರು ಎರಡು ಸಲ ಓದಿದರು. ತಪ್ಪು ಮಾಡಿದ್ದು ಇವರು, ಬೈಸಿಕೊಂಡದ್ದು ಅವಳು. ನಂಬಿಕೆ ಹೋದ ಅಂಗಡಿಯಿಂದ ಝೂಲ ಕೊಳ್ಳುವವರು ಯಾರು?

ಭಾನುವಾರ ಸುಲ್ತಾನಾ ಬಂದಳು. ಮಾಸ್ತರರು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು, ಶಿಕ್ಷೆಗೆ ಕಾದ ವಿದ್ಯಾರ್ಥಿಯ ಭಂಗಿಯಲ್ಲಿ. ಅವಳು ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ ಜೂನ್ ತೋರಿಸಿದಳು. ಇಪ್ಪತ್ತೊಂಬತ್ತು, ಸೋಮವಾರ, ಕೆಂಪು ಮಸಿ. ಹತ್ತೊಂಬತ್ತರ ಶುಕ್ರವಾರದ ಮೇಲೆ ಗೀಟು. ಜನವರಿಯಲ್ಲೇ ಬರೆದದ್ದು.

“ನೀವ ನಮ್ಮ ಲೆಕ್ಕ ಮಾಡೀರಿ ಸರ,” ಎಂದಳು. “ನಮ್ಮ ಚಂದ್ರ ವರ್ಷಾ ಹನ್ನೊಂದ ದಿನ ಓಡತಾನ, ಹೊಳ್ಳಿ ನೋಡೂದಿಲ್ಲ. ನಿಮ್ಮ ಚಂದ್ರ ಮೂರ ವರ್ಷಕ್ಕೊಮ್ಮಿ ಒಂದ ತಿಂಗಳ ಕುಂತು ದಣಿವಾರಿಸ್ಕೋತಾನ.”

ದಾವಲಮಲಿಕ ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕ. “ಸರ, ನಿಮಗ ಬಕ್ರೀದಿಗೆ ದಾವತ್ ಕೊಡಬೇಕಾತು.”

“ಕ್ಷಮೆ ಕೇಳಿ ಒಂದು ಉದ್ದನೆಯ ಬರಹ ಬರೆದು ತಂದೇನಿ,” ಎಂದು ಮಾಸ್ತರರು ಕಿಸೆಗೆ ಕೈ ಹಾಕಿದರು.

“ಬ್ಯಾಡ್ರಿ. ಮಂದಿ ನಗಾಕತ್ತಾರ, ನಗೂ ಮಂದಿ ಓದತಾರ. ಅತ್ತರ ಯಾರೂ ಓದಂಗಿಲ್ಲ.”

ಸೋಮವಾರ ಬೆಳಗ್ಗೆ ‘ಸೋಮವಾರದ ಜೋಡಿ’ಯ ಹೊತ್ತಿಗೆ ಅವಳೇ ಬರೆದದ್ದು ಹೋಯಿತು. ಫೋಟೊದಲ್ಲಿ ಸಂಗಣ್ಣನ ಎತ್ತುಗಳು, ಖಾಲಿ ಬೆನ್ನು. ಕೆಳಗೆ: “ನಾವು ಒಂದು ತಿಂಗಳ ಮೊದಲೇ ಹುಣ್ಣಿಮಿ ಮಾಡಿದಿವಿ, ತಪ್ಪಾತು. ಅಧಿಕ ಮಾಸ ಹೊಲಿಯಾಕ ಟೈಮ್ ಕೊಟ್ಟೈತಿ. ಎತ್ತಿನ ಹೆಸರು ಕಳಸ್ರಿ, ಝೂಲದ ಮ್ಯಾಲೆ ಹೊಲಿದ ಕೊಡ್ತೇವಿ. ಜೂನ್ 19ಕ್ಕ ಆರ್ಡರ್ ಬಂದ್.”

ಮೊದಲ ಹೆಸರು ಸಂಗಣ್ಣನದೇ: ಸರದಾರ, ಸುಭೇದಾರ. ಆಮೇಲೆ ಹೂವಿನ ಹಿಪ್ಪರಗಿಯಿಂದ ಮುತ್ತ್ಯಾ, ಮಲ್ಲ್ಯಾ. ಇಂಡಿಯಿಂದ ಒಬ್ಬ ನಾಲ್ಕು ಎತ್ತಿನ ಹೆಸರಿನ ಜೊತೆ ಅವುಗಳ ಅವ್ವಂದಿರ ಹೆಸರನ್ನೂ ಬರೆದ. ‘ಅವರಿಗೇನ ಗೊತ್ತಪಾ’ ಎಂದಿದ್ದವನು ಮಂಗಳವಾರ ರಾತ್ರಿ ಮೆತ್ತಗೆ ಕೇಳಿದ: “ಅಕ್ಕಾರ, ಹಸಿರು ಬಣ್ಣದಾಗ ಐತೇನ್ರಿ?” ಸುಲ್ತಾನಾ ಉತ್ತರಿಸಿದಳು: “ಐತಿ ಅಣ್ಣಾರ. ಹೆಸರ ಹೇಳ್ರಿ.” ಅಷ್ಟೇ. ಮಾಸ್ತರರಾಗಿದ್ದರೆ ಅಲ್ಲಿ ಎರಡು ಪುಟ ಬರೆಯುತ್ತಿದ್ದರು, ಗಿರಾಕಿ ಓಡಿಹೋಗುತ್ತಿದ್ದ.

ಹತ್ತೊಂಬತ್ತನೇ ತಾರೀಖು ಸಂಜೆ ‘ಆರ್ಡರ್ ಬಂದ್’ ಎಂದು ಹಾಕಿದವಳು ಆಮೇಲೆ ಬಂದ ಫೋನುಗಳಿಗೆಲ್ಲ ಇಲ್ಲವೆಂದಳು. “ಇನ್ನೆರಡು ತಗೋಳ್ರಿ,” ಎಂದ ಮಾಸ್ತರರಿಗೆ, “ತಗೊಂಡರ ಒಂದು ತಡಾ ಆಗತೈತಿ. ಹಬ್ಬದ ಮರುದಿನ ಝೂಲ ಕೊಟ್ಟರ ಎತ್ತು ಏನ್ ಮಾಡಬೇಕ್ರಿ?” ಎಂದಳು.

ಹುಣ್ಣಿಮೆಗೆ ಎರಡು ದಿನ ಮೊದಲು ಟ್ರಂಕು ಖಾಲಿಯಾಯಿತು. ಕೊನೆಯ ಝೂಲಕ್ಕೆ ಅವಳು ‘ಸುಭೇದಾರ’ನ ಕೊನೆಯ ಅಕ್ಷರ ಹೊಲಿಯುತ್ತಿದ್ದಳು. ಒಂದು ತಿಂಗಳಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಮಾಸ್ತರರು ಕೊನೆಗೂ ಕೇಳಿದರು:

“ಖರೇ ಹೇಳ್ರಿ ಸುಲ್ತಾನಾ, ಆವತ್ತ ನನ್ನ ಮ್ಯಾಲೆ ಸಿಟ್ಟ ಬರಲಿಲ್ಲೇನ್ರಿ?”

ಅವಳು ಹಲ್ಲಿನಿಂದ ದಾರ ಕಡಿದಳು.

“ಬಂದಿತ್ರಿ ಸರ. ಅದನ್ನ ಬುಧವಾರದ ಚೌಕಕ್ಕ ಹಾಕಿದ್ದೆ. ಆವತ್ತ ಹೆಸರ ಭಾಳ ಬಂದ್ವು, ಮುಂದಕ್ಕ ಹಾಕೇನಿ. ಇನ್ನೂ ಖಾಲಿ ದಿನ ಸಿಕ್ಕಿಲ್ಲ.”