ಎತ್ತರದ ಗಿಡ ಕೀಳುವವಳು

ಆರೋಗ್ಯವಾಗಿರುವ ಗಿಡವನ್ನೇ ಹುಡುಕಿ ಕೀಳುವುದು ಅಂದಾನಿಯ ಕೆಲಸ. ಕೇಳಿದವರು ನಗುತ್ತಾರೆ. ಬೀಜದ ಕಂಪನಿಯಲ್ಲಿ ಮೂವತ್ತು ವರ್ಷ ಗುಣಮಟ್ಟ ನೋಡಿಕೊಂಡ ನನಗೆ ಆ ನಗು ಕಂಡರೆ ಈಗಲೂ ಸಿಟ್ಟು ಬರುತ್ತದೆ.

ನಮ್ಮ ಆಫೀಸು ಮದರಾಸಿನ ಪೆರುಂಗುಡಿಯಲ್ಲಿ, ಗಾಜಿನ ಕಟ್ಟಡಗಳ ನಡುವೆ. ಹೊಲ ಇರುವುದು ತಿರುಪ್ಪೋರೂರು ದಾಟಿದ ಮೇಲೆ, ಭತ್ತದ ಗದ್ದೆಗಳ ಮಧ್ಯೆ. ಸುತ್ತ ನಾನೂರು ಮೀಟರಿನಲ್ಲಿ ಬೇರೆ ಯಾರೂ ಮುಸುಕಿನ ಜೋಳ ಬೆಳೆಯುವುದಿಲ್ಲ ಎಂಬ ಕಾರಣಕ್ಕೇ ಅದನ್ನು ಹಿಡಿದದ್ದು. ಜೋಳದ ಪರಾಗ ಗಾಳಿಯಲ್ಲಿ ಹೋಗುತ್ತದೆ, ಅದಕ್ಕೆ ಬೇಲಿ ಗೊತ್ತಿಲ್ಲ. ಅಂದಾನಿ ಕೊಳ್ಳೇಗಾಲದ ಕಡೆಯಿಂದ ಹೆಂಡತಿ ಬೋರಮ್ಮನ ಜೊತೆ ಬಂದು ಆ ಹೊಲದ ಷೆಡ್ಡಿನಲ್ಲೇ ಸಂಸಾರ ಹೂಡಿದ. ನಾನು ಕೀಲ್ಪಾಕಿನವಳು, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಮನೆತನ. ನನ್ನ ಕನ್ನಡ ಕೇಳಿ ಬೋರಮ್ಮ ಮೊದಲ ದಿನವೇ, "ಗೋದಾಬಾಯಮ್ಮಾರೆ, ನೀವ್ ಆಡೋದು ಕನ್ನಡನೋ ತಮಿಳೋ?" ಎಂದಿದ್ದಳು.

ಅವರಿಬ್ಬರ ಕೆಲಸ ಹೇಳಬೇಕಾದರೆ ಜೋಳದ ಕಥೆ ಸ್ವಲ್ಪ ಹೇಳಬೇಕು. ಜೋಳದ ಗಿಡಕ್ಕೆ ತಲೆಯ ಮೇಲೆ ಸೂಲಂಗಿ, ಅದು ಗಂಡು. ಸೊಂಟದಲ್ಲಿ ತೆನೆ, ಅದು ಹೆಣ್ಣು. ತೆನೆಯ ಒಂದೊಂದು ಕೂದಲೂ ಒಂದೊಂದು ಕಾಳಿಗೆ ದಾರಿ. ಒಂದು ಗಿಡದ ಪರಾಗವನ್ನು ಅದೇ ಗಿಡದ ಕೂದಲಿಗೆ ಹಾಕಿ, ಬಂದ ಕಾಳನ್ನು ಬಿತ್ತಿ, ಮತ್ತೆ ಹಾಗೇ ಮಾಡಿ, ಏಳೆಂಟು ತಲೆಮಾರು ನಡೆಸಿದರೆ ಒಂದೇ ಅಚ್ಚಿನ ಗಿಡಗಳು ಬರುತ್ತವೆ. ಅಚ್ಚು ಸರಿ, ಜೀವ ಇರುವುದಿಲ್ಲ. ಒಳಗೆ ಅಡಗಿದ್ದ ಕೊರತೆಗಳೆಲ್ಲ ಎರಡೂ ಕಡೆಯಿಂದ ಸೇರಿ ಹೊರಬೀಳುತ್ತವೆ. ಎದೆಯುದ್ದ ಬೆಳೆದು, ಬೆರಳು ಗಾತ್ರದ ತೆನೆ ಬಿಟ್ಟು, ಬಾಡಿದ ಹಾಗೇ ನಿಂತಿರುತ್ತವೆ. ಹೀಗೆ ಬಡವಾದ ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ನೋಡಿ, ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಮಗು ಅಪ್ಪನನ್ನೂ ಅಮ್ಮನನ್ನೂ ಮೀರಿ ಆಳೆತ್ತರ ಏಳುತ್ತದೆ. ಅದೇ ಹೈಬ್ರಿಡ್. ಆದರೆ ಆ ಕಸುವು ಒಂದೇ ತಲೆಮಾರಿನದು. ಹೈಬ್ರಿಡ್‌ನ ಕಾಳನ್ನೇ ತೆಗೆದಿಟ್ಟು ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ ಕುಳ್ಳು, ಇಳುವರಿಯೂ ಇಳಿಯುತ್ತದೆ. ಆದ್ದರಿಂದ ಪ್ರತಿ ವರ್ಷ ಆ ಬಡಕಲು ತಾಯಿ ತಂದೆಯರನ್ನು ಮತ್ತೆ ಕೂಡಿಸಲೇಬೇಕು. ನಾಲ್ಕು ಸಾಲು ತಾಯಿ, ಎರಡು ಸಾಲು ತಂದೆ. ತಾಯಿಯ ಸೂಲಂಗಿಯನ್ನು ಪರಾಗ ಉದುರುವ ಮೊದಲೇ ಕಿತ್ತು ಹಾಕಿದರೆ ಅವಳ ತೆನೆಗೆ ಬರುವುದು ತಂದೆಯ ಪರಾಗ ಮಾತ್ರ.

ಇದೆಲ್ಲ ನಡೆಯುವುದು ತಾಯಿ ತಾಯಿಯಾಗಿಯೇ ಉಳಿದರೆ. ಅವಳ ಸಾಲಿನಲ್ಲಿ ಒಂದು ಗಿಡ ಪಕ್ಕದವಕ್ಕಿಂತ ಎತ್ತರ, ದಪ್ಪ, ಹಸಿರು ಅಂತ ಕಂಡರೆ ಅದು ಬೇರೆ ರಕ್ತ. ಎಲ್ಲಿಂದಲೋ ಬಂದ ಪರಾಗದ ಮಗು, ಇಲ್ಲವೇ ಹಳೆಯ ಬೆಳೆಯಲ್ಲಿ ಉದುರಿ ಉಳಿದ ಕಾಳು. ಅದು ಹೂಬಿಡುವ ಮೊದಲು ಕೀಳಬೇಕು.

ಆ ಕಣ್ಣು ಇದ್ದದ್ದು ಬೋರಮ್ಮನಿಗೆ. ಬೆಳಗ್ಗೆ ಆರಕ್ಕೇ ಸಾಲಿಗಿಳಿಯುತ್ತಿದ್ದಳು. ಮೊಣಕಾಲೆತ್ತರದ ಪೈರಿನಲ್ಲೇ ಬೇರೆಯದನ್ನು ಗುರುತು ಹಿಡಿದು, ಬುಡಕ್ಕೆ ಕೈಹಾಕಿ ಒಂದೇ ಎಳೆತಕ್ಕೆ ಕೀಳುತ್ತಿದ್ದಳು. ಬೇರು ಕಿತ್ತು ಬರುವ ಆ ಸದ್ದು ಷೆಡ್ಡಿನವರೆಗೂ ಕೇಳುತ್ತಿತ್ತು. ಅವಳೂ ಎತ್ತರದ ಹೆಂಗಸು, ಗಂಡನಿಗಿಂತ ಒಂದು ಗೇಣು ಹೆಚ್ಚು. "ಕುಳ್ಳರ ಸಾಲಲ್ಲಿ ನಾನೊಬ್ಳು ಉದ್ದುಕ್ ನಿಂತಿವ್ನಿ. ಒಂದಿನ ನನ್ನೂ ಕಿತ್ತಾಕ್ಬುಡು," ಎಂದು ಅವನನ್ನು ರೇಗಿಸುತ್ತಿದ್ದಳು. ಅವನು ನಗುತ್ತಿದ್ದ. ನಾನೂ ನಕ್ಕಿದ್ದೇನೆ.

ಒಂದು ಫೆಬ್ರವರಿಯ ಬೆಳಗ್ಗೆ ತಾಯಿ ತಳಿಯ ಏಳನೆಯ ಸಾಲಿನಲ್ಲಿ ಎದೆ ಹಿಡಿದುಕೊಂಡು ಕುಳಿತವಳು ಮತ್ತೆ ಏಳಲಿಲ್ಲ.

ಅದಾದ ಮೇಲೆ ಅಂದಾನಿ ಊರಿಗೆ ಹೋಗಲಿಲ್ಲ. ಬೆಳಗಿನ ಜಾವ ಸಾಲಿನಿಂದ ಗಿಡ ಕೀಳುವ ಸದ್ದು ಬರುತ್ತದೆ, ಹೋಗಿ ನೋಡಿದರೆ ಯಾರೂ ಇರುವುದಿಲ್ಲ ಎನ್ನುತ್ತಿದ್ದ. ಹಂದಿಯೋ ಹೆಗ್ಗಣವೋ ಇರಬೇಕು ಎಂದೆ. ದೆವ್ವ ಭೂತ ನಂಬುವವಳಲ್ಲ ನಾನು. ಆದರೂ ಒಂದು ದಿನ ಬೇಗ ಹೋಗಿ ಷೆಡ್ಡಿನ ಮುಂದೆ ಕುಳಿತಿದ್ದಾಗ ಆ ಸದ್ದು ನನಗೂ ಕೇಳಿತು. ಅಂದಾನಿ ನನ್ನ ಮುಖ ನೋಡಿದ.

ಮರುವರ್ಷ ಅದೇ ಜಾಗದಲ್ಲಿ ತಾಯಿ ತಳಿಯನ್ನು ಹೆಚ್ಚು ಮಾಡಲು ಮುನ್ನೂರು ಗಿಡ ಬೆಳೆಸಿದ. ಬೆಳೆ ಬಂತು, ಒಣಗಿತು, ಕಾಳು ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದು ಪೆರುಂಗುಡಿ ಮುಳುಗಿತು. ನಮ್ಮ ಶೀತಲ ಕೋಣೆಗೆ ಸೊಂಟದ ಮಟ್ಟ ನೀರು ನುಗ್ಗಿ, ನಾಲ್ಕು ದಿನ ಕರೆಂಟಿಲ್ಲದೆ, ತಾಯಿ ತಳಿಯ ಹಳೆಯ ದಾಸ್ತಾನೆಲ್ಲ ಮೊಳೆತು ಕೊಳೆಯಿತು. ಹೊಲದ ಷೆಡ್ಡಿನಲ್ಲಿದ್ದ ಹೊಸ ಕಾಳು ಮಾತ್ರ ಉಳಿಯಿತು. ಪುಣ್ಯ ಎಂದುಕೊಂಡೆವು.

ಹೊಲಕ್ಕೆಲ್ಲ ಬಿತ್ತುವ ಮೊದಲು ಸ್ವಲ್ಪ ಕಾಳು ಬೆಳೆಸಿ ನೋಡುವುದು ನಿಯಮ. ಜನವರಿಯಲ್ಲಿ ಆ ಕಾಳಿನಿಂದ ನಾನೂರು ಗಿಡ ಎಬ್ಬಿಸಿದೆವು. ನಲವತ್ತನೆಯ ದಿನ ನಾನು ಹೋದಾಗ ಬಡಕಲು ಸಾಲುಗಳ ಮೇಲೆ ಅಲ್ಲೊಂದು ಇಲ್ಲೊಂದು ಗಿಡ ತಲೆಯೆತ್ತಿ ನಿಂತಿತ್ತು. ಎಣಿಸಿದೆ, ಹನ್ನೊಂದು. ಸಾವಿರಕ್ಕೆ ಒಂದೆರಡಾದರೆ ಸಹಿಸಬಹುದು, ನಾನೂರಕ್ಕೆ ಹನ್ನೊಂದು ಎಂದರೆ ಆ ರಾಶಿಯೇ ಹಾಳು. ಸಂಜೆಯ ಬಿಸಿಲಿನಲ್ಲಿ ಆ ಹನ್ನೊಂದೂ ನನ್ನನ್ನೇ ನೋಡುತ್ತಿವೆ ಅನ್ನಿಸಿತು. ಅಂದಾನಿ ಬದುವಿನ ಮೇಲೆ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದ.

"ಅಂದಾನಿ, ನಿಜ ಹೇಳಪ್ಪ. ಹೋದ ಸಲ ಏನಾಯ್ತು?"

"ಏಳ್ನೇ ಸಾಲಲ್ಲಿ ಒಂದ್ ಹುಟ್ತು ಅಮ್ಮಾವ್ರೆ. ಅವ್ಳು ಕುಂತಿದ್ ಜಾಗದಲ್ಲೇ. ಉದ್ದುಕೆ."

"ಕೀಳ್ಲಿಲ್ವಾ?"

"ಮೂರ್ ಸಲ ಬುಡ ಹಿಡ್ದೆ. ಕಿತ್ತಾಕ್ಬುಡು ಅಂತಿದ್ಲಲ್ಲ, ಆ ಮಾತು ಕೇಳುಸ್ತು. ಕೈ ಬರ್ನಿಲ್ಲ."

ಎತ್ತರದ ಗಿಡ ಮೂರು ನಾಲ್ಕು ದಿನ ಮೊದಲೇ ಹೂಬಿಡುತ್ತದೆ. ಅದರ ಸೂಲಂಗಿ ದೊಡ್ಡದು, ವಾರವಿಡೀ ಪರಾಗ ಉದುರಿಸುತ್ತದೆ. ಸುತ್ತಲಿನ ಬಡಕಲು ಗಿಡಗಳ ಮೊದಲ ಕೂದಲು ಹೊರಬಂದಾಗ ಗಾಳಿಯಲ್ಲಿ ಇದ್ದದ್ದು ಹೆಚ್ಚಾಗಿ ಅದರದ್ದೇ. ಕಾಳು ನೋಡಿದರೆ ಗೊತ್ತಾಗುವುದಿಲ್ಲ, ಬಣ್ಣವೂ ಅದೇ, ಆಕಾರವೂ ಅದೇ. ಮಣ್ಣಿಗೆ ಬಿದ್ದ ಮೇಲೆಯೇ ಗುಟ್ಟು ರಟ್ಟಾಗುವುದು.

"ಅದರ ತೆನೆನಾದ್ರೂ ಬೇರೆ ತೆಗೆದಿಟ್ಯಾ?" ಎಂದೆ.

"ಇಲ್ಲ ಅಮ್ಮಾವ್ರೆ. ಅದ್ನೂ ಅದ್ರಲ್ಲೇ ಸೇರುಸ್ದೆ. ಒಂಟಿಯಾಗ್ ಬುಡಕ್ಕೆ ಮನ್ಸ್ ಬರ್ನಿಲ್ಲ."

ಬೈಯಬೇಕಿತ್ತು. ಬೈದೆ ಕೂಡ. ಕಾರಿನಲ್ಲಿ ಕುಳಿತ ಮೇಲೆ ಅಳು ಬಂತು, ಅದನ್ನೂ ಹೇಳಿಬಿಡುತ್ತೇನೆ.

ಮ್ಯಾನೇಜರ್ ಗುರುಚರಣ ಚಿಕ್ಕ ವಯಸ್ಸಿನವನು, ಕೆಟ್ಟವನಲ್ಲ. "ಮೇಡಂ, ತಾಯಿ ಲೈನ್ ಹೋದ್ರೆ ಹೈಬ್ರಿಡ್ಡೇ ಕ್ಲೋಸ್. ಇದು ರೊಂಬ ದೊಡ್ಡ ತಪ್ಪು. ಬೇರೆ ಸೀಡ್ ಸಿಗ್ಲಿಲ್ಲಾಂದ್ರೆ ಅಂದಾನಿನ ಇಟ್ಕೊಳ್ಳಕ್ಕೆ ನನ್ನಿಂದ ಮುಡಿಯಾದು, ಆಗಲ್ಲ," ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಶೀತಲ ಕೋಣೆಯ ಮೇಲಿನ ಹಲಗೆಯನ್ನು ಮತ್ತೊಮ್ಮೆ ಜಾಲಾಡಿದೆ. ಹಿಂದಿನ ಗೋಡೆಗೆ ಒತ್ತಿಕೊಂಡು ಒಂದು ಬಿಗಿಮುಚ್ಚಳದ ತಗಡಿನ ಡಬ್ಬಿ ಇತ್ತು. ಒಳಗೆ ಬೆಣ್ಣೆಕಾಗದದ ಒಂದೇ ಪೊಟ್ಟಣ. ತಳಿಯ ಸಂಖ್ಯೆ ಅಂದಾನಿಯ ಕೈಬರಹ. ಕೆಳಗೆ ಪೆನ್ಸಿಲಿನ ಮೂರು ಚುಕ್ಕಿ. ಬೋರಮ್ಮನಿಗೆ ಓದು ಬರಹ ಇರಲಿಲ್ಲ, ತಾನು ಕೈಯಾರೆ ಪರಾಗ ಹಾಕಿದ ತೆನೆಯ ಪೊಟ್ಟಣಕ್ಕೆ ಮೂರು ಚುಕ್ಕಿ ಇಡುತ್ತಿದ್ದಳು. ಕೂದಲು ಹೊರಬರುವ ಮೊದಲೇ ತೆನೆಗೆ ಚೀಲ ಹಾಕಿ, ಹಿಂದಿನ ಸಂಜೆ ಸೂಲಂಗಿಗೂ ಚೀಲ ಕಟ್ಟಿ, ಬೆಳಗ್ಗೆ ಆ ಪರಾಗವನ್ನು ಅದೇ ಗಿಡದ ಕೂದಲಿಗೆ ಸುರಿದು ತಕ್ಷಣ ಮುಚ್ಚುವ ಕೆಲಸ ಅದು. ಒಂದು ಕ್ಷಣ ತಡವಾದರೆ ಗಾಳಿ ತನ್ನ ಕೆಲಸ ಮಾಡಿಬಿಡುತ್ತದೆ. ಕಾಳು ಎಣಿಸಿದೆ, ಇನ್ನೂರ ಹನ್ನೆರಡು.

ಆ ಪೊಟ್ಟಣದಲ್ಲೂ ಎತ್ತರದ್ದು ಬಂದರೆ ತಳಿ ಮುಗಿಯಿತು, ಅಂದಾನಿಯ ಕೆಲಸವೂ ಮುಗಿಯಿತು. ಅವನ ಕೈಯಲ್ಲಿ ಅದನ್ನು ಇಟ್ಟಾಗ ಅವನು ಚುಕ್ಕಿಗಳನ್ನೇ ನೋಡುತ್ತ ನಿಂತ. ಬಿತ್ತಿದ್ದು ಅವನೇ. ಬೇರೆಯವರಿಂದ ಬಿತ್ತಿಸಿ ಎಂದು ಗುರುಚರಣ ಹೇಳಿದ್ದ, ನಾನು ಕೇಳಲಿಲ್ಲ.

ನೂರ ನಲವತ್ತಮೂರು ಮೊಳೆತವು. ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ಕಾಣೆ. ವಾರಕ್ಕೆರಡು ಸಲ ಹೋಗಿ ಸಾಲಿನಲ್ಲಿ ನಡೆಯುತ್ತಿದ್ದೆ, ಅವನು ಎರಡು ಹೆಜ್ಜೆ ಮುಂದೆ. ಪ್ರತಿ ಗಿಡದ ಮುಂದೆ ನಿಲ್ಲುತ್ತಿದ್ದ, ಅಳತೆ ಕೋಲು ಹಿಡಿಯುತ್ತಿದ್ದ, ಎಲೆ ಸವರುತ್ತಿದ್ದ. ಏಳನೆಯ ಸಾಲಿನಲ್ಲಿ ಇನ್ನೂ ನಿಧಾನ ಮಾಡುತ್ತಿದ್ದ. ಅವನ ಭಯ ನನ್ನ ಭಯ ಒಂದೇ ಎಂದು ತಿಳಿದಿದ್ದೆ. ಬೆಳಗಿನ ಸದ್ದಿನ ಬಗ್ಗೆ ಕೇಳಿದರೆ, "ಈಗ ಬತ್ತಿಲ್ಲ ಅಮ್ಮಾವ್ರೆ. ಬಿತ್ತಿದ್ ದಿನ್ದಿಂದ ಬತ್ತಿಲ್ಲ," ಎಂದ.

ಅರವತ್ತನೆಯ ದಿನದ ಹೊತ್ತಿಗೆ ಎಲ್ಲವೂ ಹೂಬಿಟ್ಟವು. ಒಂದೊಂದಕ್ಕೂ ಅವನೇ ಚೀಲ ಕಟ್ಟಿ ಪರಾಗ ಹಾಕಿದ. ಕೊನೆಯ ಎಣಿಕೆಗೆ ನಾನು ಪಟ್ಟಿ ಹಿಡಿದು ಹೋದೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎದೆಯುದ್ದದ, ಬಾಡುಮುಖದ, ಒಂದೇ ಅಚ್ಚಿನ ನೂರ ನಲವತ್ತಮೂರು ಗಿಡಗಳು. ಮೇಲೆ ಹಾರಿದ ತಲೆ ಒಂದೂ ಇಲ್ಲ. ಏಳನೆಯ ಸಾಲೂ ದಾರ ಹಿಡಿದು ಕತ್ತರಿಸಿದ ಹಾಗೆ ಸಮ.

"ಗೆದ್ದೆ ಕಣಪ್ಪಾ!" ಎಂದು ಕೂಗಿದೆ. "ಒಂದೂ ಬೇರೆ ಇಲ್ಲ. ನಿನ್ನ ಕೆಲಸ ಉಳೀತು, ತಳಿ ಉಳೀತು. ಎಂಥಾ ಕೈ ಅವಳ್ದು!"

ಅಂದಾನಿ ಏಳನೆಯ ಸಾಲಿನಲ್ಲಿ, ಅವಳು ಕುಳಿತಿದ್ದ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಒಂದು ಗಿಡದ ಬುಡಕ್ಕೆ ಕೈ ಹಾಕಿಕೊಂಡಿದ್ದ, ಎಳೆಯುತ್ತಿರಲಿಲ್ಲ.

"ಅಚ್ಚುಕಟ್ಟು ಕೈ ಅಮ್ಮಾವ್ರೆ ಅವ್ಳ್ದು," ಎಂದ. "ಒಂದ್ ಕಾಳೂ ತಪ್ಪಾಗಕ್ ಬುಟ್ಟಿಲ್ಲ." ಬುಡದ ಮಣ್ಣು ಸವರುತ್ತ, "ಒಂದಾದ್ರೂ ಉದ್ದುಕ್ ಬತ್ತದೆ ಅಂತಿದ್ದೆ. ದಿನಾ ಹುಡುಕ್ದೆ. ಒಂದೂ ಬರ್ನಿಲ್ವಲ್ಲ," ಎಂದ.

ಅಷ್ಟು ದಿನ ಅವನು ಕೋಲು ಹಿಡಿದು ಹುಡುಕಿದ್ದು ಏನನ್ನು ಎಂದು ಆಗ ಗೊತ್ತಾಯಿತು. ಅವನ ಪಕ್ಕ ಮಣ್ಣಿನಲ್ಲೇ ಕುಳಿತೆ. ಗಾಳಿ ಬೀಸಿ ಚೀಲಗಳು ಸದ್ದು ಮಾಡಿದವು, ಇಬ್ಬರೂ ತಿರುಗಿ ನೋಡಿದೆವು. ಪಟ್ಟಿಯಲ್ಲಿ ಬೇರೆ ಗಿಡಗಳ ಸಂಖ್ಯೆ ಬರೆಯುವ ಜಾಗ ಖಾಲಿ ಇತ್ತು. ಅಲ್ಲಿ ಸೊನ್ನೆ ಬರೆದು ಅವನ ಕೈಗೆ ಪೆನ್ನು ಕೊಟ್ಟೆ. ಅವನು ಸಹಿ ಹಾಕಿ, ಕೆಳಗೆ ಮೂರು ಚುಕ್ಕಿ ಇಟ್ಟ.